ಕ್ರಯಪತ್ರದ ಮೇಲಿನ ಹೆಬ್ಬೆಟ್ಟು

“ಮಾನ್ಯ ಸಂಪಾದಕರೇ, ನಮ್ಮ ತಾಲ್ಲೂಕು ಕಚೇರಿಯಲ್ಲಿ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ದಲ್ಲಾಳಿಗಳ ಕಾಟ ತಪ್ಪಬೇಕಾದರೆ ಎಲ್ಲ ದಾಖಲೆಯೂ ಎಲ್ಲರಿಗೂ ಆನ್‌ಲೈನ್‌ನಲ್ಲಿ ಸಿಗಬೇಕು. ಬಚ್ಚಿಡುವಂಥದ್ದೇನೂ ಇಲ್ಲದ ರೈತನಿಗೆ ಖಾಸಗಿತನದ ಚಿಂತೆ ಏಕೆ?”
– ಓದುಗರೊಬ್ಬರು, ಚನ್ನಗಿರಿ

ದಲ್ಲಾಳಿಗಳ ವಿಷಯದಲ್ಲಿ ತಾವು ಹೇಳಿದ್ದು ನಿಜ. ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದ ಮೇಲೆ ದಾವಣಗೆರೆ ಸೀಮೆಯ ರೈತರಿಗೂ ಉಪಕಾರವಾಯಿತು. ಆದರೆ ಪಹಣಿ ಬೇರೆ, ಕ್ರಯಪತ್ರ ಬೇರೆ. ಪಹಣಿ ಜಮೀನಿನ ವಿವರ ಹೇಳುತ್ತದೆ. ಕ್ರಯಪತ್ರದ ಕಟ್ಟಿನಲ್ಲಾದರೋ ಮಾರಿದವರ, ಕೊಂಡವರ ಭಾವಚಿತ್ರ, ಹೆಬ್ಬೆಟ್ಟು, ಹಲವೊಮ್ಮೆ ಆಧಾರ್ ಸಂಖ್ಯೆಯೂ ಒಟ್ಟಿಗೇ ಇರುತ್ತವೆ.

ಬಚ್ಚಿಡಲು ಏನೂ ಇಲ್ಲದವರಿಗೂ ಬ್ಯಾಂಕ್ ಖಾತೆ ಇರುತ್ತದಲ್ಲವೇ? ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಆಧಾರ್ ಮೂಲಕ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು, ಒಟಿಪಿ ಬೇಕಿಲ್ಲ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ಜಾಲತಾಣದಿಂದ ದಸ್ತಾವೇಜುಗಳನ್ನು ಇಳಿಸಿಕೊಂಡು, ಅವುಗಳಲ್ಲಿನ ಹೆಬ್ಬೆಟ್ಟಿನಿಂದ ಮುದ್ರೆ ತಯಾರಿಸಿ, ಬೇರೆಯವರ ಹೆಸರಿನಲ್ಲಿ ಸಿಮ್ ಚಾಲೂ ಮಾಡಿದ್ದು ಬಯಲಾಯಿತು. ಅದನ್ನು ಓದಿ ನಮ್ಮವರು ಆಗಲೇ ಎಚ್ಚೆತ್ತುಕೊಳ್ಳಬಹುದಿತ್ತು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋದ ದೂರುಗಳು ಬಂದ ಬಳಿಕವಷ್ಟೇ ನಮ್ಮ ರಾಜ್ಯದಲ್ಲಿ ಆನ್‌ಲೈನ್ ಪ್ರತಿಗಳ ಬೆರಳಚ್ಚು ಮರೆಮಾಡುವ ಕೆಲಸ ಆರಂಭವಾಯಿತು.

ಮರೆಮಾಡುವುದರಲ್ಲೂ ಅರೆಬರೆ ಕೆಲಸ ಸಾಧ್ಯ. ಸ್ಕ್ಯಾನ್ ಮಾಡಿದ ಪುಟದಲ್ಲಿ ಹೆಸರು ಹುಡುಕಲು ಅನುಕೂಲವಾಗಲೆಂದು ಒಸಿಆರ್ ತಂತ್ರಾಂಶವು ಅಕ್ಷರಗಳನ್ನು ಓದಿ, ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಪಠ್ಯದ ಪದರವೊಂದನ್ನು ಸೇರಿಸುತ್ತದೆ. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದರೂ ಆ ಪದರದಲ್ಲಿ 12 ಅಂಕಿಗಳೂ ಹಾಗೆಯೇ ಉಳಿದಿರಬಹುದು. ಪಿಡಿಎಫ್‌ನ ಪಠ್ಯವನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದಾಗ ಅಂಕಿಗಳು ಕಾಣಿಸಿಕೊಂಡರೆ ಅವು ಅಳಿದಿಲ್ಲವೆಂದೇ ತಿಳಿಯಬೇಕು. ಹೆಬ್ಬೆಟ್ಟು ಚಿತ್ರವಾದ್ದರಿಂದ ಈ ಪರೀಕ್ಷೆಗೆ ಸಿಗದು. ಅದರ ಮೇಲಿನ ಪಟ್ಟಿಯನ್ನು ಪಿಡಿಎಫ್ ತಿದ್ದುವ ತಂತ್ರಾಂಶದಲ್ಲಿ ಸರಿಸಲಾಗುತ್ತದೆಯೇ ಎಂದು ನೋಡಬೇಕು. ಇಲಾಖೆಯು ಮೂಲ ಪ್ರತಿಯನ್ನು ಬೇರೆಯಾಗಿ ಇರಿಸಿಕೊಂಡು, ಸಾರ್ವಜನಿಕ ಪ್ರತಿಯಲ್ಲಿ ಮೊದಲು ಇವನ್ನು ಅಳಿಸಿ, ಆ ಪುಟವನ್ನು ಹೊಸ ಚಿತ್ರವಾಗಿ ಉಳಿಸಿ, ಆಮೇಲಷ್ಟೇ ಒಸಿಆರ್ ನಡೆಸಬೇಕು. ಪುಟಕ್ಕಿಷ್ಟು ಎಂದು ದರ ನಿಗದಿಮಾಡಿ ಗುತ್ತಿಗೆ ಕೊಟ್ಟ ಕಡೆ ಇಷ್ಟು ತಾಳ್ಮೆ ಯಾರಿಗಿದ್ದೀತು?

ಇನ್ನೂ ಒಂದು ಸಿಟ್ಟು ನನಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯನ್ನೇ ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಕಾರಣ ಕೊಟ್ಟು ಅರ್ಜಿಯನ್ನು ತಳ್ಳಿಹಾಕುವುದನ್ನು ಅಧಿಕಾರಿಗಳಿಗೆ ಸಲೀಸು ಮಾಡಿದೆ. ಸಾಹೇಬರ ಕಡತಕ್ಕೆ ಪರದೆ, ರೈತನ ಹೆಬ್ಬೆಟ್ಟಿಗೆ ಪ್ರದರ್ಶನ! ತಾವು ಕೇಳುವ ಪಾರದರ್ಶಕತೆ ಮೊದಲು ಬರಬೇಕಾದದ್ದು ಸಾಹೇಬರ ಮೇಜಿಗೆ.

ಸದ್ಯಕ್ಕೆ ತಾವು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತುವ ದಿನ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ. ಇಲ್ಲವಾದರೆ ಯಂತ್ರವು ತಮ್ಮ ಬೆರಳನ್ನು ಒಪ್ಪುವುದಿಲ್ಲ.