186 ಅಂದರೆ 1:86 ಅಲ್ಲ ಸ್ವಾಮಿ

ಪ್ರಶ್ನೆ: ಸರ್, ಮಂಡಿಪೇಟೆ ಕಡೆಯ ಗುಜರಿಯಲ್ಲಿ ಹಳೇ ಮರ್ಸಿಡಿಸ್ ಆಟಿಕೆ ಕಾರು ಸಿಕ್ಕಿತು. ತಳದಲ್ಲಿ ‘ನಿಕ್ಕಿ ಟಾಯ್ಸ್’, ‘186’, ‘ಮರ್ಸಿಡಿಸ್ ಬೆಂಜ್ 220 ಎಸ್‌ಇ’ ಅಂತಿದೆ. ಇದು ಇಂಗ್ಲೆಂಡಿನ ಡಿಂಕಿ, ಯಾರೋ ಹೆಸರು ತಿದ್ದಿದ್ದಾರೆ ಅಂತ ಗೆಳೆಯ ಹೇಳುತ್ತಾನೆ. ನಿಜವಾದ ಕಾರಿನ ಉದ್ದ 4875 ಮಿ.ಮೀ. ಆಟಿಕೆಯಲ್ಲಿ ಗಾಲಿಯಿಂದ ಗಾಲಿಗೆ 57 ಮಿ.ಮೀ. ಭಾಗಿಸಿದರೆ 85.5 ಬರುತ್ತದೆ. ತಳದಲ್ಲೂ 186 ಇದೆ. ಅಂದರೆ ಸ್ಕೇಲ್ 1:86 ಖಚಿತ ಅಲ್ವಾ? — ವಿನೋಬನಗರ, ದಾವಣಗೆರೆ

ಖಚಿತವಾಗಿ ಅಲ್ಲ. ತಪ್ಪು ಲೆಕ್ಕ ಮತ್ತು ತಪ್ಪು ಓದು ಎರಡೂ ಒಂದೇ ಉತ್ತರ ಕೊಟ್ಟಿದ್ದರಿಂದ ನಿಮಗೆ ಇಷ್ಟು ಧೈರ್ಯ ಬಂದಿದೆ. ತಳದ ಅಂಕಿಯನ್ನು ಸ್ಕೇಲ್ ಅಂತ ಓದುವ ಪತ್ರ ನನಗೆ ತಿಂಗಳಿಗೊಂದಾದರೂ ಬರುತ್ತದೆ. ಅದಕ್ಕೇ ಈ ಸಲ ಇದೊಂದಕ್ಕೇ ಜಾಸ್ತಿ ಜಾಗ.

ಮೊದಲು ಲೆಕ್ಕ. ನೀವು ನಿಜವಾದ ಕಾರಿನ ಪೂರ್ತಿ ಉದ್ದ ತಗೊಂಡಿರಿ, ಅಂದರೆ ಮುಂದಿನ ಬಂಪರಿನಿಂದ ಹಿಂದಿನ ಬಂಪರಿಗೆ. ಆಟಿಕೆಯಲ್ಲಿ ಅಳೆದದ್ದು ಮಾತ್ರ ಎರಡು ಗಾಲಿಗಳ ನಡುವಿನ ಅಂತರ, ವೀಲ್‌ಬೇಸ್. ಎತ್ತಿನಗಾಡಿಯ ಮೂಕಿ ಸಮೇತ ಉದ್ದ ಅಳೆದು, ಅದನ್ನು ಗಾಡಿಯ ತೊಟ್ಟಿಗೆ ಹೋಲಿಸಿದ ಹಾಗಾಯಿತು. ಉದ್ದವನ್ನು ಉದ್ದಕ್ಕೆ ಹೋಲಿಸಬೇಕು, ವೀಲ್‌ಬೇಸನ್ನು ವೀಲ್‌ಬೇಸಿಗೆ.

ಆ ಮರ್ಸಿಡಿಸ್‌ನ ವೀಲ್‌ಬೇಸ್ 2750 ಮಿ.ಮೀ. ನಿಮ್ಮ 57ರಿಂದ ಭಾಗಿಸಿ. 48.2 ಬಂತು. ಈಗ ಆಟಿಕೆಯ ಪೂರ್ತಿ ಉದ್ದ ಅಳೆಯಿರಿ. ಈ ಮಾದರಿ ಸುಮಾರು 102 ಮಿ.ಮೀ. ಇರುತ್ತದೆ. 4875ನ್ನು 102ರಿಂದ ಭಾಗಿಸಿದರೆ 47.8. ಎರಡು ಬೇರೆ ಬೇರೆ ಅಳತೆ, ಎರಡೂ 48ರ ಆಜುಬಾಜು. ಹಾಗಾಗಿ ನಿಮ್ಮ ಕಾರು ಸುಮಾರು 1:48. ಅದು ನಿಜಕ್ಕೂ 1:86 ಆಗಿದ್ದರೆ ಇಡೀ ಕಾರೇ 57 ಮಿ.ಮೀ. ಇರಬೇಕಿತ್ತು, ಗಾಲಿಗಳ ನಡುವೆ ಬರೀ 32. ಒಂದು ಬೆಂಕಿಪೊಟ್ಟಣ ಪಕ್ಕದಲ್ಲಿಟ್ಟು ನೋಡಿದ್ದರೂ ಅನುಮಾನ ಬರಬೇಕಿತ್ತು.

‘ಸುಮಾರು’ ಅಂದದ್ದಕ್ಕೂ ಕಾರಣ ಇದೆ. ಅಳೆಯುವಾಗ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಉತ್ತರ 47.4ರಿಂದ 49.1ರವರೆಗೆ ಓಡಾಡುತ್ತದೆ. ಶಾಲೆಯ ಸ್ಕೇಲ್ ಪಟ್ಟಿಯಲ್ಲಿ ಅಳೆದು ‘ಇದು 1:47.6’ ಅಂತ ಬರೆದುಕೊಳ್ಳುವವರನ್ನು ಕಂಡರೆ ನನಗೆ ನಗು. ವರ್ನಿಯರ್ ಇಲ್ಲದಿದ್ದರೆ ಒಂದು ಉಪಾಯ ಹೇಳುತ್ತೇನೆ. ಗಾಲಿಯ ನಡುಮಧ್ಯ ಹುಡುಕಲು ಹೋಗಬೇಡಿ, ಅದು ಕಣ್ಣಿಗೆ ಸಿಗುವುದಿಲ್ಲ. ಮುಂದಿನ ಗಾಲಿಯ ಮುಂದಿನ ಅಂಚಿನಿಂದ ಹಿಂದಿನ ಗಾಲಿಯ ಮುಂದಿನ ಅಂಚಿಗೆ ಅಳೆಯಿರಿ. ಗಾಲಿಗಳು ಒಂದೇ ಗಾತ್ರದವಾಗಿದ್ದರೆ ಅದೇ ವೀಲ್‌ಬೇಸ್. ಗಾಲಿಯ ದಪ್ಪದಿಂದ ಸ್ಕೇಲ್ ಕಂಡುಹಿಡಿಯಲು ಮಾತ್ರ ಹೋಗಬೇಡಿ. ಆಟಿಕೆಯವರು ಗಾಲಿಯನ್ನು ಚೆನ್ನಾಗಿ ಉರುಳಲಿ ಅಂತ ಮಾಡುತ್ತಾರೆ, ಸ್ಕೇಲಿಗೆ ಕೂರಲಿ ಅಂತಲ್ಲ.

ಎರಡು ಅಳತೆಯಿಂದ ಬಂದ ಉತ್ತರ ತುಂಬಾ ದೂರ ಇದ್ದರೆ, ಒಂದು 48 ಇನ್ನೊಂದು 55 ಅಂತ ಬಂದರೆ, ಆಗ ಕಾರಿನ ಮಾದರಿಯನ್ನೇ ತಪ್ಪು ಗುರುತಿಸಿದ್ದೀರಿ, ಇಲ್ಲವೇ ತಯಾರಿಸಿದವರೇ ಆಕಾರವನ್ನು ಹಿಗ್ಗಿಸಿದ್ದಾರೆ ಅಥವಾ ಕುಗ್ಗಿಸಿದ್ದಾರೆ.

ಇನ್ನು 186. ಅದು ಡಿಂಕಿ ಆಟಿಕೆಗಳ ಪಟ್ಟಿಯಲ್ಲಿ ಈ ಕಾರಿನ ನಂಬರು, ಅಷ್ಟೇ. ನಮ್ಮ ಅಂಗಡಿಯಲ್ಲಿ ಸೀರೆಗೆ ನಂಬರ್ ಚೀಟಿ ಅಂಟಿಸಿದ ಹಾಗೆ. ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆಯಲ್ಲಿ ಡಿಂಕಿ ತಯಾರಿಸುತ್ತಿದ್ದ ಮೆಕ್ಯಾನೊ ಕಂಪನಿ 1960ರ ದಶಕದಲ್ಲಿ ಈ ಮರ್ಸಿಡಿಸ್ ಮಾಡುತ್ತಿತ್ತು. ಆ ಕಾಲದ ಡಿಂಕಿ ಕಾರುಗಳು ಒಂದೇ ಸ್ಕೇಲಿಗೆ ಅಂಟಿಕೊಂಡವಲ್ಲ. ಸಣ್ಣ ಕಾರು ಸ್ವಲ್ಪ ದೊಡ್ಡದಾಗಿ, ದೊಡ್ಡ ಕಾರು ಸ್ವಲ್ಪ ಚಿಕ್ಕದಾಗಿ ಬರುತ್ತಿತ್ತು. ಎಲ್ಲ ಹಳೇ ಡಿಂಕಿಯನ್ನೂ 1:43 ಅಂತ ಕರೆಯುವವರು ಅಳೆದು ನೋಡಿದವರಲ್ಲ. ಆ 43 ಬಂದದ್ದೇ ರೈಲಿನಿಂದ. ಇಂಗ್ಲೆಂಡಿನ ‘ಓ’ ಗೇಜ್ ಆಟಿಕೆ ರೈಲಿನಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕ, ಅದು 43.5 ಆಗುತ್ತದೆ.

ಈಗ ನಿಮ್ಮ ಗೆಳೆಯರ ಮಾತು. ಅರ್ಧ ಸರಿ, ಅರ್ಧ ಬುರುಡೆ. ಡಿಂಕಿಯ ಸಂಬಂಧ ಇರುವುದು ನಿಜ. 1960ರ ದಶಕದ ಕೊನೆಯಲ್ಲಿ ಡಿಂಕಿಯವರು ಬಳಸಿ ಬಿಟ್ಟ ಒಂದಷ್ಟು ಡೈಗಳು, ಅಂದರೆ ಎರಕದ ಅಚ್ಚುಗಳು, ಕಲ್ಕತ್ತಾಕ್ಕೆ ಬಂದವು. ಅಲ್ಲಿನ ಎಸ್. ಕುಮಾರ್ ಅಂಡ್ ಕಂಪನಿ ಅದೇ ಡೈಗಳಿಂದ ‘ನಿಕ್ಕಿ ಟಾಯ್ಸ್’ ಹೆಸರಿನಲ್ಲಿ ಕಾರು ತೆಗೆಯಿತು. ನಂಬರೂ ಹಳೆಯದೇ ಉಳಿಯಿತು. ಅದಕ್ಕೇ ಇಂಗ್ಲೆಂಡಿನ 186ಕ್ಕೂ ನಿಮ್ಮ 186ಕ್ಕೂ ಆಕಾರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಿಂಬದಿಯ ಆ ಸಣ್ಣ ರೆಕ್ಕೆ ಕೂಡ ಹಾಗೇ ಇರುತ್ತದೆ.

‘ಯಾರೋ ತಿದ್ದಿದ್ದಾರೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹರಿಹರದಲ್ಲಿ ಇಪ್ಪತ್ತು ವರ್ಷ ಡೈ ಫಿಟ್ಟರ್ ಆಗಿದ್ದವನು ನಾನು. ತಳದ ಅಕ್ಷರ ಉಬ್ಬಿಕೊಂಡಿದ್ದರೆ, ಡೈಯಲ್ಲಿ ಅದು ತಿರುಗುಮುರುಗಾಗಿ ತಗ್ಗಾಗಿ ಕೆತ್ತಿರುತ್ತದೆ. ಡೈಯಲ್ಲಿ ಹೆಸರು ಬದಲಿಸಬೇಕಂದರೆ ಹಳೆಯ ತಗ್ಗಿಗೆ ಲೋಹ ತುಂಬಿ, ಸಮ ಮಾಡಿ, ಮತ್ತೆ ಕೆತ್ತಬೇಕು. ಅದು ಕಾರ್ಖಾನೆಯ ಕೆಲಸ. ತಯಾರಾದ ಕಾರನ್ನು ಮನೆಯಲ್ಲಿ ಹಿಡಿದು ಕೂತವನು ಅರದಿಂದ ಉಬ್ಬು ಅಕ್ಷರ ಉಜ್ಜಿ ಅಳಿಸಬಹುದು. ಹೊಸ ಅಕ್ಷರ ಉಬ್ಬಿಸಲು ಆಗುವುದಿಲ್ಲ. ಡಿಂಕಿ, ನಿಕ್ಕಿ ಎರಡೂ ಇಂಗ್ಲಿಷಿನಲ್ಲಿ ಐದೈದು ಅಕ್ಷರ ಅನ್ನುವುದನ್ನೂ ಗಮನಿಸಿ. ಇದ್ದ ಜಾಗದಲ್ಲೇ ಹೊಸ ಹೆಸರು ಕೂರುತ್ತದೆ.

ಹೆಸರಿನ ಸುತ್ತ ನೆಲ ಸ್ವಲ್ಪ ಒರಟಾಗಿದೆಯೇ ನೋಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ತಳಕ್ಕೆ ಮಲಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಅಕ್ಷರ ಸವೆದಿದ್ದರೆ ಬೆರಳಲ್ಲಿ ಚೂರು ಟಾಲ್ಕಂ ಪೌಡರ್ ಸವರಿ, ಮೇಲ್ಮೈ ಒರೆಸಿ. ತಗ್ಗಿನಲ್ಲಿ ಉಳಿದ ಪೌಡರ್ ಅಕ್ಷರವನ್ನು ಎತ್ತಿ ತೋರಿಸುತ್ತದೆ. ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಆಯಿತು, ನಾವು ಚಿಕ್ಕವರಿದ್ದಾಗ ನಾಣ್ಯಕ್ಕೆ ಮಾಡುತ್ತಿದ್ದ ಹಾಗೆ.

ಕೊನೆಗೊಂದು ಎಚ್ಚರಿಕೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ತಳ ನೋಡಿ ಕಾರು ಗುರುತಿಸುವಾಗ, ಆ ತಳ ಆ ಕಾರಿನದೇ ಅಂತ ಮೊದಲು ಖಾತ್ರಿ ಆಗಬೇಕು. ವರ್ಷಗಳ ಹಿಂದೆ ಬೇರೆ ಊರಿನ ವ್ಯಾಪಾರಿಯೊಬ್ಬರಿಂದ ಇಂಗ್ಲೆಂಡಿನದು ಅಂತ ಒಂದು ಜಾಗ್ವಾರ್ ತಂದೆ. ತಳ ಅಸಲಿ, ಮೇಲಿನ ಕಾರು ಬೇರೆಯದು. ರಿವೆಟ್ ತಲೆ ಡ್ರಿಲ್ ಹೊಡೆದು, ತಳ ಬದಲಿಸಿ, ಅಂಟು ಹಾಕಿ ಕರಿ ಬಣ್ಣ ಬಳಿದಿದ್ದರು. ಕಾರ್ಖಾನೆಯ ರಿವೆಟ್ ತಲೆ ಒತ್ತಿ ಅಗಲಿಸಿದ ಹಾಗಿರುತ್ತದೆ, ಬಳಕೆಯಲ್ಲಿ ನುಣುಪಾಗಿ ಸವೆದಿರುತ್ತದೆ. ನಡುವೆ ತೂತು, ಸ್ಕ್ರೂ, ಅಂಟಿನ ಹೊಳಪು, ಸುತ್ತ ಉಂಗುರದಂತೆ ಗೀರು, ಇದರಲ್ಲಿ ಯಾವುದೇ ಕಂಡರೂ ಕಾರು ಒಮ್ಮೆ ಬಿಚ್ಚಿದ್ದೇ ಅಂತ ತಿಳಿಯಿರಿ. ಬಿಚ್ಚಿದ್ದೆಲ್ಲ ಮೋಸ ಅಲ್ಲ, ಬಣ್ಣ ಹೊಡೆಯಲಿಕ್ಕೂ ಬಿಚ್ಚುತ್ತಾರೆ. ಆದರೆ ಆಮೇಲೆ ತಳದ ಮಾತು ಒಂದನ್ನೇ ನಂಬಬೇಡಿ. ನಿಮ್ಮ ಕಾರಿನ ರಿವೆಟ್ ನೆಟ್ಟಗಿದ್ದರೆ ಚೀಟಿಯಲ್ಲಿ ಹೀಗೆ ಬರೆದಿಡಿ: ನಿಕ್ಕಿ ಟಾಯ್ಸ್, ಕಲ್ಕತ್ತಾ, ನಂ. 186, ಮರ್ಸಿಡಿಸ್ 220 ಎಸ್‌ಇ, ಸುಮಾರು 1:48. ‘ಇಂಗ್ಲೆಂಡ್’ ಅಂತ ಬರೆಯಬೇಡಿ.

ಪ್ರಶ್ನೆ: ನನ್ನ ಹಾಟ್ ವೀಲ್ಸ್ ತಳದಲ್ಲಿ 1998 ಅಂತ ಇದೆ. ಅದು 98ರ ಕಾರೇ ಅಲ್ವಾ ಸರ್? — ಚಳ್ಳಕೆರೆ

ಅಲ್ಲದೆಯೂ ಇರಬಹುದು. ಅದು ಆ ವಿನ್ಯಾಸದ ಹಕ್ಕಿನ ವರ್ಷ. ಅದೇ ತಳದ ಅಚ್ಚಿನಿಂದ ಹತ್ತು ವರ್ಷ ಬಿಟ್ಟು ಕಾರು ತೆಗೆದರೂ ಅದೇ ವರ್ಷ ಬರುತ್ತದೆ. ಇತ್ತೀಚಿನ ಹಾಟ್ ವೀಲ್ಸ್ ಆಗಿದ್ದರೆ ತಳದಲ್ಲಿ ಬೇರೆಯಾಗಿ ಒತ್ತಿದ, ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಯ ಗುರುತು ಹುಡುಕಿ. ಅಕ್ಷರ ವರ್ಷವನ್ನು ಹೇಳುತ್ತದೆ, ಅಂಕಿ ವಾರವನ್ನು. ‘ಎಲ್’ ಆದಮೇಲೆ 32 ಇದ್ದರೆ 2018ರ 32ನೇ ವಾರ. ಹಳೆಯ ಕಾರಿನಲ್ಲಿ ಈ ಗುರುತು ಇರುವುದಿಲ್ಲ. ಆಗ ಗಾಲಿಯ ಮಾದರಿ, ದೇಶದ ಹೆಸರು, ಬಣ್ಣ ಎಲ್ಲ ಸೇರಿಸಿ ನೋಡಬೇಕು. ಅದಕ್ಕೆ ಕಾರಿನ ಫೋಟೊ ಬೇಕು, ನೀವು ಕಳಿಸಿದ್ದು ಡಬ್ಬಿಯ ಫೋಟೊ.

ಪ್ರಶ್ನೆ: ತಳದ ಅಕ್ಷರ ಸರಿಯಾಗಿ ಕಾಣಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ವಿಡಿಯೊದಲ್ಲಿ ತೋರಿಸಿದ್ದರು. — ಹರಿಹರ

ಅದು ಹಿತ್ತಾಳೆ ಬಿಂದಿಗೆಗೆ. ನಿಮ್ಮ ಕಾರು ಸತುವಿನ ಮಿಶ್ರಲೋಹ. ಹುಳಿ ಬಿದ್ದರೆ ಸತು ಕರಗುತ್ತದೆ, ಅಕ್ಷರದ ಅಂಚೇ ಮೊದಲು ಹೋಗುತ್ತದೆ. ವಿಡಿಯೊದವರ ಕಾರು ಅವರದ್ದು, ಹಾಳಾದರೆ ಅವರಿಗೇ. ನೀವು ಸಾಬೂನು ನೀರು, ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್, ಆಮೇಲೆ ಒಣಬಟ್ಟೆ, ಇಷ್ಟಕ್ಕೇ ನಿಲ್ಲಿಸಿ.

ಪ್ರಶ್ನೆ: ಮ್ಯಾಗ್ನೆಟ್ ಹಿಡಿಯದಿದ್ದರೆ ನಕಲಿ ಅಂತಾರಲ್ಲ? — ಹೊಳಲ್ಕೆರೆ

ಸತುವಿಗೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ಹಿಡಿದರೆ ಅದು ಗಾಲಿಯ ಕಡ್ಡಿ ಅಥವಾ ತಗಡಿನ ತಳ.

ಪ್ರಶ್ನೆ: ತಳದ ಫೋಟೊ ಕಳಿಸಿದ್ದೇನೆ, ಎಷ್ಟು ಬೆಲೆ ಬರುತ್ತೆ ಹೇಳಿ. — ದಾವಣಗೆರೆ

ಬೆಲೆ ಹೇಳುವುದಿಲ್ಲ. ಇನ್ನು ಆ ಫೋಟೊದಲ್ಲಿ ಕಾಣುತ್ತಿರುವುದು ನಿಮ್ಮ ಹೆಬ್ಬೆರಳು.