ಸಾಕ್ಷಿಗಳ ಮಾತು ತಾಳೆ ಆಗ್ದಿದ್ರೆ ರಿಪೋರ್ಟ್ ಬರೆಯೋದು ಹೇಗೆ

ಪ್ರಶ್ನೆ: ಗೋಡೌನಲ್ಲಿ ಆದ ಒಂದು ಆಕ್ಸಿಡೆಂಟ್ ಬಗ್ಗೆ ನಾನು ರಿಪೋರ್ಟ್ ಬರೀಬೇಕು. ನೋಡಿದವರು ಒಬ್ಬೊಬ್ರು ಒಂದೊಂದು ಥರ ಹೇಳ್ತಿದಾರೆ. ಯಾರ ಪರಾನೂ ವಹಿಸ್ದೆ ಬರೆಯೋದು ಹೇಗೆ?

ಬರೆಯೋಕೆ ಕೂರೋ ಮುಂಚೆ ಎಲ್ಲರನ್ನೂ ಬೇರೆಬೇರೆಯಾಗಿ ಕೂರಿಸಿ ಇನ್ನೊಂದ್ಸಲ ಕೇಳಿ, ಎಲ್ಲಿ ನಿಂತಿದ್ರಿ, ಏನ್ ಮಾಡ್ತಿದ್ರಿ, ಯಾವುದರಿಂದ ಆ ಕಡೆ ನೋಡಿದ್ರಿ ಅಂತ. ಈ ಮೂರನೇದು ತುಂಬಾ ಮುಖ್ಯ. "ನಾನೇ ನೋಡ್ದೆ" ಅನ್ನೋರಲ್ಲಿ ಎಷ್ಟೋ ಜನ ಧಡ್ ಅಂತ ಶಬ್ದ ಕೇಳಿದ್ಮೇಲೆ ತಿರುಗಿದವರು. ಅವರು ನೋಡಿರೋದು ಬಿದ್ದಿದ್ದನ್ನ, ಬೀಳೋದನ್ನಲ್ಲ, ಮಧ್ಯದ್ದನ್ನ ಮನಸ್ಸೇ ತುಂಬಿಸಿಕೊಂಡಿರುತ್ತೆ. ಇದು ಸುಳ್ಳಲ್ಲ, ಅವರಿಗೆ ನಿಜವಾಗ್ಲೂ ನೋಡಿದ ಹಾಗೇ ನೆನಪಿರುತ್ತೆ.

ನಾನು ಬರೆದಿದ್ದ ಒಂದು ಕೇಸ್ ಹೇಳ್ತೀನಿ. ಫೋರ್ಕ್‌ಲಿಫ್ಟ್ ರಿವರ್ಸ್ ಬರ್ತಾ ಇತ್ತು, ಬಾಕ್ಸ್‌ಗಳ ಸಾಲು ಕುಸಿದು ಒಬ್ಬ ಕೆಲಸಗಾರನ ಕಾಲಿಗೆ ಏಟಾಯ್ತು. ಡ್ರೈವರ್ ಹಾರ್ನ್ ಹೊಡೆದೆ ಅಂದ, ಏಟಾದವನು ಹಾರ್ನೇ ಆಗ್ಲಿಲ್ಲ ಅಂದ, ಬಾಗಿಲ ಹತ್ರ ಲೋಡ್ ಮಾಡ್ತಿದ್ದವನು ಹಾರ್ನ್ ಕೇಳಿಸ್ತು ಅಂದ. ಮೇಲ್ನೋಟಕ್ಕೆ ಇಬ್ಬರ ಮಾತು ಒಬ್ಬನ ಮಾತಿಗೆ ಎದುರು, ಡ್ರೈವರ್ ಹೇಳಿದ್ದೇ ಸರಿ ಅಂತ ಬರೆದುಬಿಡಬಹುದಿತ್ತು. ಆದ್ರೆ ಬಾಗಿಲ ಹತ್ರ ಇದ್ದವನನ್ನ ವಿವರವಾಗಿ ಕೇಳಿದಾಗ, ಆ ಹೊತ್ತಲ್ಲಿ ಎರಡು ಫೋರ್ಕ್‌ಲಿಫ್ಟ್ ಓಡ್ತಿದ್ವು, ಯಾವುದರ ಹಾರ್ನ್ ಅಂತ ಅವನಿಗೆ ಗೊತ್ತಿಲ್ಲ, ಬೆನ್ನು ಆ ಕಡೆ ಇತ್ತು. ಅಲ್ಲಿಗೆ ಅವನ ಮಾತು ಡ್ರೈವರ್ ಹೇಳಿದ್ದನ್ನೂ ಎತ್ತಿಹಿಡಿಯಲ್ಲ, ಏಟಾದವನು ಹೇಳಿದ್ದನ್ನೂ ಸುಳ್ಳು ಮಾಡಲ್ಲ. ರಿಪೋರ್ಟಲ್ಲಿ ಹೀಗೆ ಬರೆದೆ:

"ತಾನು ರಿವರ್ಸ್ ತೆಗೆಯುವ ಮೊದಲು ಹಾರ್ನ್ ಮಾಡಿದ್ದಾಗಿ ಡ್ರೈವರ್ ಹೇಳಿದರು. ತನಗೆ ಹಾರ್ನ್ ಕೇಳಿಸಲಿಲ್ಲ ಎಂದು ಗಾಯಗೊಂಡವರು ಹೇಳಿದರು. ಬಾಗಿಲ ಬಳಿಯಿದ್ದ ಕೆಲಸಗಾರರು ಒಂದು ಹಾರ್ನ್ ಕೇಳಿದ್ದಾಗಿಯೂ, ಅದು ಯಾವ ವಾಹನದ್ದೆಂದು ತಿಳಿಯದೆಂದೂ ಹೇಳಿದರು. ಆ ಸಮಯದಲ್ಲಿ ಎರಡು ವಾಹನಗಳು ಚಾಲನೆಯಲ್ಲಿದ್ದವು. ಈ ವಾಹನದ ಹಾರ್ನ್ ಆಯಿತೇ ಎಂಬುದನ್ನು ಲಭ್ಯ ಮಾಹಿತಿಯಿಂದ ತೀರ್ಮಾನಿಸಲಾಗಿಲ್ಲ."

ಎಲ್ಲಾ ಕಡೆ "ಹೇಳಿದರು" ಅಂತಾನೇ ಇದೆ ನೋಡಿ. ಒಬ್ಬರಿಗೆ "ವಾದಿಸಿದರು", ಇನ್ನೊಬ್ಬರಿಗೆ "ಒಪ್ಪಿಕೊಂಡರು", ಮತ್ತೊಬ್ಬರಿಗೆ "ಸ್ಪಷ್ಟಪಡಿಸಿದರು" ಅಂತ ಹಾಕಿದ್ರೆ ನಿಮಗೇ ಗೊತ್ತಿಲ್ದೆ ನೀವು ಪಕ್ಷ ವಹಿಸಿಬಿಟ್ಟಿರ್ತೀರ. ಹಾಗೇ "ಹಾರ್ನ್ ಆಗಲಿಲ್ಲ" ಅನ್ನೋದನ್ನ "ಕೇಳಿಸಲಿಲ್ಲ" ಅಂತ ಬರೆಯೋದು ಅವರೇ ಹಾಗೆ ಹೇಳಿದ್ರೆ ಮಾತ್ರ, ನೀವಾಗೇ ತಿದ್ದಬಾರದು. ನಾನು ವಾಪಸ್ ಹೋಗಿ "ಆಗ್ಲಿಲ್ಲ ಅಂತ ಹೇಗೆ ಗೊತ್ತಾಯ್ತು" ಅಂತ ಕೇಳಿದ್ಮೇಲೇ ಅವನು "ನಂಗೆ ಕೇಳಿಸ್ಲಿಲ್ಲ ಸಾರ್" ಅಂದಿದ್ದು.

ಪ್ರಶ್ನೆ ಕೇಳುವಾಗ್ಲೂ ಅಷ್ಟೇ ಹುಷಾರಾಗಿರಿ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಅನ್ನೋ ಸಂಶೋಧಕರು ಕಾರ್ ಆಕ್ಸಿಡೆಂಟ್ ಫಿಲ್ಮ್ ತೋರಿಸಿ, ಕಾರುಗಳು "ತಾಗಿದಾಗ" ಎಷ್ಟು ಸ್ಪೀಡ್ ಇತ್ತು ಅಂತ ಕೆಲವರಿಗೆ, "ಅಪ್ಪಳಿಸಿದಾಗ" ಎಷ್ಟಿತ್ತು ಅಂತ ಇನ್ನು ಕೆಲವರಿಗೆ ಕೇಳಿದ್ರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಅಂದ್ರು, ತಾಗಿದಾಗ ಅಂತ ಕೇಳಿಸಿಕೊಂಡವರು ಸುಮಾರು 32. ಅದಕ್ಕೇ ಮೊದಲು "ಏನಾಯ್ತು ಹೇಳಿ" ಅಂತ ಬಿಟ್ಟು ಪೂರ್ತಿ ಕೇಳಿ, ಮಧ್ಯ ಬಾಯಿ ಹಾಕ್ಬೇಡಿ, "ಗಾಡಿ ಗುದ್ದಿದ್ದು ಎಲ್ಲಿಗೆ" ಅಂತ ಕೇಳಿದ್ರೆ ಗುದ್ದಿದೆ ಅಂತ ನೀವೇ ಹೇಳಿಕೊಟ್ಟ ಹಾಗೆ.

ಇನ್ನೊಂದು, ತಲೆ ಎಣಿಸಿ ತೀರ್ಮಾನ ಮಾಡ್ಬೇಡಿ. ಮೂರು ಜನ ಒಟ್ಟಿಗೆ ಟೀ ಕುಡೀತಾ ಮಾತಾಡಿಕೊಂಡು ಬಂದಿದ್ರೆ ಅದನ್ನ ಮೂರು ಸಾಕ್ಷಿ ಅಂತ ಲೆಕ್ಕ ಹಾಕೋಕಾಗಲ್ಲ. ಘಟನೆ ಆದ್ಮೇಲೆ ಯಾರ ಹತ್ರ ಮಾತಾಡಿದ್ರಿ ಅಂತ ಕೇಳಿ, ಅದನ್ನೂ ಬರೀರಿ. ಒಬ್ಬರು ಮೂರು ಅಡಿ ದೂರ ಅಂದು ಇನ್ನೊಬ್ಬರು ಏಳು ಅಡಿ ಅಂದ್ರೆ ಐದು ಅಂತ ಬರೆಯೋದಂತೂ ಬೇಡವೇ ಬೇಡ, ಯಾರೂ ಹೇಳದೇ ಇರೋ ಸಂಖ್ಯೆ ಅದು. ದೊಡ್ಡವರ ಮಾತು ಅಂತ ನಂಬಿ ಬರೆದ್ರೆ ಏನಾಗುತ್ತೆ ಅನ್ನೋಕೆ ಟೈಟಾನಿಕ್ ನೋಡಿ. ಹಡಗು ಎರಡು ತುಂಡಾಯ್ತು ಅಂತ ಬದುಕುಳಿದ ಕೆಲವರು ಹೇಳಿದ್ರು, ಬದುಕಿದ ಅಧಿಕಾರಿಗಳಲ್ಲಿ ಹಿರಿಯರಾದ ಲೈಟಾಲರ್ ಇಲ್ಲ ಅಂದ್ರು, 1912ರ ಬ್ರಿಟಿಷ್ ತನಿಖೆ ತುಂಡಾಗಲಿಲ್ಲ ಅಂತಾನೇ ಬರೀತು. 1985ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಾಗ ಹಡಗು ಎರಡು ತುಂಡಾಗಿತ್ತು.

ಬರೆಯುವಾಗ ಎಲ್ಲರೂ ಒಪ್ಪೋ ವಿಷಯ ಮೊದಲು ಬರಲಿ, ಆಮೇಲೆ ಭಿನ್ನ ಇರೋದು ಒಂದೊಂದಾಗಿ. ಸಿಸಿಟಿವಿ ಇದ್ರೆ ಅದರ ಗಡಿಯಾರಾನ ಮೊಬೈಲ್ ಟೈಮ್ ಜೊತೆ ತಾಳೆ ನೋಡಿ, ಕೆಲವು ನಿಮಿಷ ಹಿಂದೆಮುಂದೆ ಇರುತ್ತೆ, ಅದರಿಂದಾನೇ ಇಲ್ಲದ ಜಗಳ ಹುಟ್ಟುತ್ತೆ. ತೀರ್ಮಾನ ಆಗದೇ ಇದ್ರೂ ಶಿಫಾರಸು ನಿಲ್ಲಿಸೋದು ಬೇಡ: ನಮ್ಮ ಕೇಸಲ್ಲಿ ಹಾರ್ನ್ ಆಗಿದ್ರೂ ಅದು ಕಾಲಿಗೆ ಏಟು ಬೀಳೋದನ್ನ ತಪ್ಪಿಸಲಿಲ್ಲ, ಆಗದೇ ಇದ್ರೂ ಅಷ್ಟೇ, ಹಾಗಾಗಿ ಜನ ನಡೆಯೋ ದಾರಿ ಮತ್ತು ಗಾಡಿ ದಾರಿ ಬೇರೆ ಮಾಡಿ ಅಂತ ಬರೆದೆ, ಎರಡೂ ಕಡೆಯವರೂ ತಕರಾರು ಮಾಡ್ಲಿಲ್ಲ. ಕೊನೇಲಿ ಅವರವರ ಹೇಳಿಕೆ ಭಾಗ ಮಾತ್ರ ಅವರವರಿಗೆ ಓದಿ ಹೇಳಿ ಸೈನ್ ತಗೊಳ್ಳಿ, ಬೇರೆಯವರದ್ದು ತೋರಿಸ್ಬೇಡಿ, ಆಗ ಏನಾದ್ರೂ ಬದಲಾಯಿಸ್ತೀನಿ ಅಂದ್ರೆ ಹಳೇದನ್ನ ಅಳಿಸ್ದೆ ಕೆಳಗೆ ತಾರೀಖು ಹಾಕಿ ಹೊಸದನ್ನ ಸೇರಿಸಿ.