ಗಣಪತಿಯನ್ನು ಪೂರ್ತಿ ಅಳಿಸಬೇಡಿ

“ಸರ್, ಇಪ್ಪತ್ತೈದು ವರ್ಷಗಳಲ್ಲಿ ಗಂಡನ ನೆನಪು, ಸ್ವಭಾವ ಎರಡೂ ಪೂರ್ತಿ ಬದಲಾದರೆ ಹೆಂಡತಿ ಅವನನ್ನು ಇನ್ನೂ ಪ್ರೀತಿಸಬಲ್ಲಳೇ? ಇದೇ ನನ್ನ ಕಥೆ. ಪ್ರಕಟಿಸುವಿರಾ?” – ಶಿರಸಿಯ ಓದುಗಿ

ಈಗಿನ ರೂಪದಲ್ಲಿ ಆಗದು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವ ಸಾಲುಗಳು ಚೆನ್ನಾಗಿವೆ, ಭಾಷೆಯ ಬಗ್ಗೆ ತಕರಾರಿಲ್ಲ. ಆದರೆ ಗಣಪತಿಯ ನೆನಪನ್ನೂ ಸ್ವಭಾವವನ್ನೂ ಒಟ್ಟಿಗೇ ತೆಗೆದುಬಿಟ್ಟಿದ್ದೀರಿ. ಆಮೇಲೆ ಸಾವಿತ್ರಿಯ ಎದುರು ನಿಂತವನು ಗಂಡನ ಮುಖ ಹೊತ್ತ ಪರಕೀಯ ಅಷ್ಟೆ. ಅಂಥವನನ್ನು ಪ್ರೀತಿಸದಿದ್ದರೆ ಯಾರೂ ಆಕೆಯನ್ನು ದೂರುವುದಿಲ್ಲ. ಕಥೆಗೆ ಬೇಕಾದ ಇಕ್ಕಟ್ಟೇ ಇಲ್ಲ.

ಎರಡನ್ನೂ ಬೇರೆ ಮಾಡಿ ನೋಡಿ. ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್‌ಗೆ 1985ರಲ್ಲಿ ಮಿದುಳಿಗೆ ಸೋಂಕು ತಗುಲಿತು. ಹಳೆಯ ನೆನಪು ಬಹುಪಾಲು ಹೋಯಿತು, ಹೊಸದು ಅರೆ ನಿಮಿಷಕ್ಕಿಂತ ಹೆಚ್ಚು ನಿಲ್ಲದಾಯಿತು. ಆದರೂ ಹೆಂಡತಿ ಡೆಬೊರಾ ಒಳಗೆ ಬಂದಾಗಲೆಲ್ಲ ಎಷ್ಟೋ ಕಾಲದ ಮೇಲೆ ಕಂಡವರಂತೆ ತಬ್ಬಿಕೊಳ್ಳುತ್ತಿದ್ದರು. ಇದಕ್ಕೆ ತದ್ವಿರುದ್ಧ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆ. ಅದರಲ್ಲಿ ಮೊದಮೊದಲು ನೆನಪು ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಕನಿಕರ ಮತ್ತು ಸಂಕೋಚ ಮಾತ್ರ ಕಳಚುತ್ತವೆ. ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ ಎಂಬ ಸಂಶೋಧಕರು ಇಂಥ ರೋಗಿಗಳ ಮನೆಯವರನ್ನೂ ಆಲ್ಜೈಮರ್ ರೋಗಿಗಳ ಮನೆಯವರನ್ನೂ ವಿಚಾರಿಸಿ 2015ರಲ್ಲಿ ಬರೆದರು: ‘ಇವರು ಮೊದಲಿನವರಲ್ಲ’ ಎಂಬ ಭಾವನೆ ಹುಟ್ಟಿಸುವುದು ಮರೆವಿಗಿಂತ ಹೆಚ್ಚಾಗಿ ನೀತಿ ನಡತೆಯ ಬದಲಾವಣೆ.

ಈಗ ನಿಮ್ಮ ಗಣಪತಿಗೆ ಬನ್ನಿ. ಅವನ ನೆನಪು ಹಾಗೇ ಇರಲಿ. ಮದುವೆಯಾದ ವರ್ಷ ಮಾರಿಕಾಂಬಾ ಜಾತ್ರೆಯಲ್ಲಿ ಕೊಡಿಸಿದ ಬಳೆಯ ಬಣ್ಣ ಕೂಡ ಹೇಳಲಿ. ಆದರೆ ಚಾಲಿ ಅಡಿಕೆ ಮಾರುವ ಮೊದಲೇ ಸಾಲ ಮಾಡಿ ಆಳುಗಳ ಲೆಕ್ಕ ಚುಕ್ತಾ ಮಾಡುತ್ತಿದ್ದವನು ಈಗ ಕೊನೆಗೌಡನ ಕೂಲಿಯನ್ನು ನಗುತ್ತ ನುಂಗಲಿ. ಬಳೆಯ ನೆನಪು ಹೇಳುವ ಬಾಯಿಯೇ ಕೂಲಿ ಕೊಟ್ಟಾಯಿತೆಂದು ಸುಳ್ಳಾಡುತ್ತದೆ. ಸಾವಿತ್ರಿ ಈಗ ಸಿಕ್ಕಿಬಿದ್ದಳು.

ಇನ್ನೊಂದು ಮಾತು. ನಿಮ್ಮ ಪ್ರಶ್ನೆಯ ಜೀವ ‘ಇಪ್ಪತ್ತೈದು ವರ್ಷ’ ಎನ್ನುವುದರಲ್ಲಿದೆ, ನೀವೋ ಅದನ್ನು ಒಂದೇ ವಾಕ್ಯದಲ್ಲಿ ಹಾರಿಸಿದ್ದೀರಿ (ಅಡಿಕೆ ಸುಲಿಯುವುದಕ್ಕೆ ಮಾತ್ರ ಎರಡು ಪುಟ!). ರಾತ್ರೋರಾತ್ರಿ ಬದಲಾದರೆ ಆಕೆ ಗುರುತು ಹಿಡಿಯುತ್ತಾಳೆ. ನಿಧಾನಕ್ಕೆ ಆದರೆ ಈ ವರ್ಷದ ಗಣಪತಿ ಹೋದ ವರ್ಷದವನಂತೆಯೇ ಕಾಣುತ್ತಾನೆ. ಮೊದಲ ವರ್ಷದವನನ್ನು ಪಕ್ಕದಲ್ಲಿ ನಿಲ್ಲಿಸಿದರೆ ಮಾತ್ರ ಇಬ್ಬರಿಗೂ ಸಂಬಂಧವಿಲ್ಲ. ಇವತ್ತಿನಿಂದ ಇವನು ಬೇರೆ ಎನ್ನಲು ಆಕೆಗೆ ಒಂದು ದಿನವೂ ಸಿಗುವುದಿಲ್ಲ. ಅಷ್ಟರಲ್ಲಿ ಆಕೆಯೂ ಬದಲಾಗಿರುತ್ತಾಳೆ. ನಿಮ್ಮ ಕಥೆಯಲ್ಲಿ ಅವಳೊಬ್ಬಳೇ ಇದ್ದಂತೆ ಇದ್ದಾಳೆ, ಅದು ನಂಬುವ ಮಾತಲ್ಲ.

ಗಂಡ ಕೊಡದ ಕೂಲಿಯನ್ನು ಸಾವಿತ್ರಿ ಗುಟ್ಟಾಗಿ ಕೊಟ್ಟುಬರಲು ಶುರುಮಾಡಿದ್ದು ಯಾವಾಗ? ಅದನ್ನು ಗಂಡನಿಂದ ಹೇಗೆ ಮುಚ್ಚಿಟ್ಟಳು? ಆ ದೃಶ್ಯ ಬರೆದು, ಹುಣ್ಣಿಮೆಯ ತೋಟದ ಕಡೆಯ ಪ್ಯಾರಾ ಹೊಡೆದುಹಾಕಿ, ಮತ್ತೆ ಕಳಿಸಿ.